ಸಾನೆಟ್‌ನ ಕೊನೆಯ ಎರಡು ಸಾಲು: ಹನ್ನೆರಡನೇ ಸಾಲಿನ ಬೆಂಕಿಯಿಂದ ಶುರು ಮಾಡಿ

ಪ್ರಶ್ನೆ: ಸಾನೆಟ್‌ನ ಕೊನೇ ಎರಡು ಸಾಲು ಹಿಂದಿನ ಹನ್ನೆರಡು ಸಾಲಿನ ಅರ್ಥವನ್ನೇ ತಿರುಗಿಸುತ್ತೆ ಅಂತ ನಮ್ಮ ಮೇಡಂ ಹೇಳಿದರು. ಗೈಡ್‌ನಲ್ಲಿ ನೋಡಿದರೆ ಅದು ಬರೀ ಸಾರಾಂಶ ಅಂತಿದೆ. ನಿಜವಾಗಿ ತಿರುಗೋದು ಏನು? ಒಂದು ಪದ್ಯ ಇಟ್ಟುಕೊಂಡು ಹೇಳ್ತೀರಾ? ನಾನು ಮೈಸೂರಲ್ಲಿ ಬಿ.ಎ. ಓದ್ತಿದ್ದೀನಿ.

ಉತ್ತರ:

ನಿಮ್ಮ ಮೇಡಂ ಹೇಳಿದ್ದು ಸರಿ. ಗೈಡ್ ಹೇಳಿದ್ದು ಕೆಲವು ಸಾನೆಟ್‌ಗಳಿಗೆ ಮಾತ್ರ ಸರಿ. ನಾನು ಮಂಡ್ಯದಲ್ಲಿ ಬಹಳ ವರ್ಷ ಇಂಗ್ಲಿಷ್ ಪಾಠ ಮಾಡಿದವನು. ಈ ವಿಷಯ ಬಂದಾಗಲೆಲ್ಲ ಷೇಕ್ಸ್‌ಪಿಯರ್‌ನ 73ನೇ ಸಾನೆಟ್ ತೆಗೆಯುತ್ತಿದ್ದೆ. 1609ರಲ್ಲಿ ಅಚ್ಚಾದ 154 ಸಾನೆಟ್‌ಗಳಲ್ಲಿ ಅದೂ ಒಂದು. ನಾಲ್ಕು ನಾಲ್ಕು ಸಾಲಿನ ಮೂರು ಭಾಗ, ಆಮೇಲೆ ಪ್ರಾಸ ಸೇರಿದ ಎರಡು ಸಾಲು.

ಮೊದಲು ಆ ಎರಡು ಸಾಲನ್ನು ಕೈಯಿಂದ ಮುಚ್ಚಿಕೊಳ್ಳಿ. ಉಳಿದ ಹನ್ನೆರಡರಲ್ಲಿ ಒಬ್ಬ ತನ್ನ ಪ್ರೀತಿಯ ವ್ಯಕ್ತಿಗೆ ಹೇಳುತ್ತಿದ್ದಾನೆ: ನನ್ನಲ್ಲಿ ನೀನು ಎಲೆ ಉದುರುವ ಕಾಲ ಕಾಣಬಹುದು, ಹಳದಿ ಎಲೆ ಒಂದೆರಡು, ಕೊಂಬೆ ಚಳಿಗೆ ನಡುಗುತ್ತಿದೆ. ನನ್ನಲ್ಲಿ ನೀನು ಸೂರ್ಯ ಮುಳುಗಿದ ಮೇಲಿನ ಮಬ್ಬು ಬೆಳಕು ಕಾಣುತ್ತೀಯೆ, ಇನ್ನೇನು ಕತ್ತಲು ಅದನ್ನೂ ಒಯ್ಯುತ್ತದೆ. ನನ್ನಲ್ಲಿ ನೀನು ಆರುತ್ತಿರುವ ಬೆಂಕಿ ಕಾಣುತ್ತೀಯೆ, ತಾನು ಉರಿದ ಬೂದಿಯ ಮೇಲೇ ಅದು ಮಲಗಿದೆ.

ಕಾಲ ಹೇಗೆ ಚಿಕ್ಕದಾಗುತ್ತಾ ಬಂತು ನೋಡಿ. ಮೊದಲು ಒಂದು ಋತು, ಆಮೇಲೆ ಒಂದು ಸಂಜೆ, ಆಮೇಲೆ ಕೆಂಡ ಆರುವಷ್ಟು ಹೊತ್ತು. ಇಷ್ಟನ್ನು ಒಂದೇ ವಾಕ್ಯದಲ್ಲಿ ಬರೆದಿಡಿ ಅಂದರೆ ನೀವೇನು ಬರೆಯುತ್ತೀರಿ? 'ನನಗೆ ವಯಸ್ಸಾಯಿತು, ನಾನು ಹೋಗುತ್ತಿದ್ದೇನೆ' ಅಂತ ತಾನೇ? ಅದನ್ನು ಬರೆದಿಟ್ಟುಕೊಳ್ಳಿ, ಬೇಕಾಗುತ್ತದೆ.

ಮುಂದೆ ಹೋಗುವ ಮುಂಚೆ ನಮ್ಮ ಕಡೆಯ ಹುಡುಗರು ಎಡವುವ ಎರಡು ಜಾಗ ಹೇಳಿಬಿಡುತ್ತೇನೆ. ನಮ್ಮಲ್ಲಿ ಹೊಂಗೆ ಎಲೆ ಉದುರಿದರೆ ಯುಗಾದಿ ಹೊತ್ತಿಗೆ ಚಿಗುರು ಬಂದಿರುತ್ತದೆ. ಹಾಗಾಗಿ ಎಲೆ ಉದುರುವುದು ಎಂದರೆ ನಮ್ಮ ಮನಸ್ಸಿಗೆ ಹೊಸದು ಬರುವ ಸೂಚನೆ. 'ಮತ್ತೆ ವಸಂತ ಬರುತ್ತದೆ ಎಂಬ ಭರವಸೆ ಇಲ್ಲಿದೆ' ಅಂತ ಎಷ್ಟೋ ಉತ್ತರಪತ್ರಿಕೆ ನೋಡಿದ್ದೇನೆ. ಇಂಗ್ಲೆಂಡಿನಲ್ಲಿ ಎಲೆ ಉದುರಿದ ಮೇಲೆ ಬರುವುದು ಉದ್ದನೆಯ ಚಳಿಗಾಲ. ಆ ಪದ್ಯದಲ್ಲಿ ಚಿಗುರಿನ ಮಾತೇ ಇಲ್ಲ.

ಎರಡನೆಯದು ಬೆಂಕಿ. ಬೂದಿ, ಕೆಂಡ ಅಂದ ಕೂಡಲೇ ನಮಗೆ 'ಬೂದಿ ಮುಚ್ಚಿದ ಕೆಂಡ' ನೆನಪಾಗುತ್ತದೆ. ಆ ಮಾತಿನ ಅರ್ಥ ಒಳಗೆ ಇನ್ನೂ ಸುಡುವ ಶಕ್ತಿ ಇದೆ ಅಂತ. ಇಲ್ಲಿ ಹಾಗಲ್ಲ. ಬೂದಿ ಕೆಳಗಿದೆ, ಬೆಂಕಿ ಮೇಲಿದೆ. ಹನ್ನೆರಡನೇ ಸಾಲು ಹೇಳುವುದು ಇದು: ಬೆಂಕಿಗೆ ಯಾವುದು ಊಟವಾಗಿತ್ತೋ ಅದೇ ಅದನ್ನು ಮುಗಿಸುತ್ತಿದೆ. ಇದು ಅರ್ಥವಾಗದವರಿಗೆ ಆಲೆಮನೆ ತೋರಿಸುತ್ತಿದ್ದೆ. ಹಿಂಡಿದ ಕಬ್ಬಿನ ಸಿಪ್ಪೆಯನ್ನು ಒಣಗಿಸಿ ಒಲೆಗೆ ಹಾಕುತ್ತಾರಲ್ಲ, ಅದು ಧಗಧಗ ಉರಿಯುತ್ತದೆ. ಉರಿದ ಸಿಪ್ಪೆ ಬೂದಿಯಾಗುತ್ತದೆ. ಆ ಬೂದಿ ಎಳೆಯದೆ ಬಿಟ್ಟರೆ ಒಲೆಗೆ ಗಾಳಿ ಆಡುವುದಿಲ್ಲ, ಉರಿ ಸಾಯುತ್ತದೆ. ನಿನ್ನೆ ಬೆಂಕಿ ಎಬ್ಬಿಸಿದ ಸಿಪ್ಪೆಯೇ ಇವತ್ತು ಅದರ ಉಸಿರು ಕಟ್ಟಿಸುತ್ತದೆ.

ಈಗ ಕೈ ತೆಗೆಯಿರಿ. ಕೊನೆಯ ಎರಡು ಸಾಲು ಹೇಳುವುದು: ಇದನ್ನು ನೀನು ಅರಿತಿದ್ದೀಯೆ, ಅದರಿಂದಲೇ ನಿನ್ನ ಪ್ರೀತಿ ಗಟ್ಟಿಯಾಗುತ್ತದೆ, ಬೇಗ ಬಿಡಬೇಕಾದದ್ದನ್ನು ಚೆನ್ನಾಗಿ ಪ್ರೀತಿಸುವಂತೆ.

ಹನ್ನೆರಡನೇ ಸಾಲನ್ನೂ ಹದಿಮೂರನೇ ಸಾಲನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ, ಸಾಕಿದ್ದೇ ಕೊಲ್ಲುತ್ತದೆ. ಇನ್ನೊಂದರಲ್ಲಿ, ಕೊಲ್ಲುವುದೇ ಸಾಕುತ್ತದೆ. ಆಯಸ್ಸು ಕಡಿಮೆಯಾಗುತ್ತಿರುವುದೇ ಪ್ರೀತಿಗೆ ಸೌದೆ. ಬೆಂಕಿಯ ಚಿತ್ರವನ್ನು ಕವಿ ಸುಮ್ನೆ ಮೂರನೆಯದಾಗಿ ಇಟ್ಟಿಲ್ಲ. ಎಲೆಯ ಚಿತ್ರವೋ ಸಂಜೆಯ ಚಿತ್ರವೋ ಕೊನೆಗೆ ಬಂದಿದ್ದರೆ ಈ ತಿರುವು ಇಷ್ಟು ಚೆನ್ನಾಗಿ ಕೂರುತ್ತಿರಲಿಲ್ಲ.

ಇನ್ನೊಂದು ತಿರುವು ಸಣ್ಣ ಪದಗಳಲ್ಲಿದೆ. ಹನ್ನೆರಡು ಸಾಲಿನಲ್ಲಿ 'ಇನ್ ಮಿ' ಮೂರು ಸಲ ಬರುತ್ತದೆ, ಪ್ರತಿ ಭಾಗಕ್ಕೆ ಒಂದು. ಕೊನೆಯ ಎರಡು ಸಾಲಿನಲ್ಲಿ ನಾನು, ನನ್ನ, ನನಗೆ ಯಾವುದೂ ಇಲ್ಲ. ಬರೀ ನೀನು, ನಿನ್ನ. ಕ್ರಿಯಾಪದವನ್ನೂ ಗಮನಿಸಿ. ಕಾಣಬಹುದು, ಕಾಣುತ್ತೀಯೆ, ಕಾಣುತ್ತೀಯೆ ಅಂತ ಬಂದವನು ಕೊನೆಗೆ 'ಅರಿತಿದ್ದೀಯೆ' ಅನ್ನುತ್ತಾನೆ. ನೋಟ ಅರಿವಾಯಿತು. ನೀವು ಬರೆದಿಟ್ಟ ವಾಕ್ಯ ಈಗ ಓದಿ. 'ನಾನು ಹೋಗುತ್ತಿದ್ದೇನೆ' ಅನ್ನುವ ಗೋಳು ಅಂದುಕೊಂಡಿದ್ದು, 'ನೀನು ಇದನ್ನು ನೋಡಿದೆ ಅಲ್ವಾ, ಹಾಗಾದರೆ ಪ್ರೀತಿಸು' ಅನ್ನುವ ಒತ್ತಾಯವಾಗಿದೆ. ಹನ್ನೆರಡು ಸಾಲಿನ ಒಂದು ಅಕ್ಷರವೂ ಬದಲಾಗಿಲ್ಲ. ಅವುಗಳ ಕೆಲಸ ಬದಲಾಗಿದೆ.

ಕೊನೆಯ ಸಾಲಿನಲ್ಲಿ ಒಂದು ಪದದ ಮೇಲೆ ನಾನು ಇಡೀ ಪಿರಿಯಡ್ ಕಳೆದದ್ದುಂಟು. ಹೋಗುವವನು ಹೇಳುವವನು. ಉಳಿಯುವವನು ಕೇಳುವವನು. ಹಾಗಿದ್ದರೆ 'ನೀನು ಕಳೆದುಕೊಳ್ಳಬೇಕಾದದ್ದು' ಎನ್ನಬೇಕಿತ್ತು, ಅಂದರೆ 'ಲೂಸ್'. ಕವಿ ಬರೆದದ್ದು 'ಲೀವ್', ಬಿಟ್ಟುಹೋಗು ಅಥವಾ ಬಿಟ್ಟುಕೊಡು. 'ಲೂಸ್' ಅಂತ ಹಾಕಿದರೂ ಲಯ ಕೆಡುವುದಿಲ್ಲ, ಹಾಕಿ ಓದಿ ನೋಡಿ. ಆದರೂ 'ಲೀವ್' ಇದೆ. ಜೊತೆಗೆ 'ನನ್ನನ್ನು ಪ್ರೀತಿಸು' ಅನ್ನದೆ 'ಅದನ್ನು' ಅನ್ನುತ್ತಾನೆ. ಯಾವುದನ್ನು? ಸಾಯಲಿರುವ ಈ ಮನುಷ್ಯನನ್ನು ಅಂತ ಓದಬಹುದು. ಕೇಳುವವನ ಸ್ವಂತ ಯೌವನವನ್ನು, ಅವನ ಬದುಕನ್ನೇ ಅಂತಲೂ ಓದಬಹುದು, ಏಕೆಂದರೆ ಅವನೂ ಒಂದು ದಿನ ಅದನ್ನು ಬಿಡಲೇಬೇಕು. ಎರಡನೆಯ ಓದು ಹಿಡಿದರೆ ಆ ಮೂರು ಚಿತ್ರಗಳು ಮುದುಕನದ್ದಷ್ಟೇ ಅಲ್ಲ, ನೋಡುತ್ತಿರುವ ಹುಡುಗನದ್ದೂ ಆಗುತ್ತವೆ. ನನಗೆ ಎರಡನೆಯದು ಜಾಸ್ತಿ ಇಷ್ಟ. ಆದರೆ ಪರೀಕ್ಷೆಯಲ್ಲಿ ಎರಡನ್ನೂ ಬರೆಯಿರಿ, ಪದ್ಯ ಎರಡಕ್ಕೂ ಜಾಗ ಬಿಟ್ಟಿದೆ.

ಇದನ್ನೇ ಎಲ್ಲ ಸಾನೆಟ್‌ಗೂ ಹಾಕಬೇಡಿ. 29ನೆಯದರಲ್ಲಿ ತಿರುವು ಒಂಬತ್ತನೇ ಸಾಲಿಗೇ 'ಯೆಟ್' ಎಂಬ ಪದದೊಡನೆ ಬಂದುಬಿಡುತ್ತದೆ, ಕೊನೆಯ ಎರಡು ಸಾಲು ಅದನ್ನು ಗಟ್ಟಿ ಮಾಡುತ್ತವೆ ಅಷ್ಟೇ. ನಿಮ್ಮ ಗೈಡ್ ಅಂಥದ್ದನ್ನು ನೋಡಿ ಬರೆದಿರಬಹುದು. ಗುರುತು ಹಿಡಿಯುವುದು ಕಷ್ಟವಲ್ಲ. ಕೈ ಮುಚ್ಚಿ ಬರೆದ ವಾಕ್ಯ ಕೈ ತೆಗೆದ ಮೇಲೂ ಹಾಗೇ ನಿಂತರೆ ಅಲ್ಲಿ ತಿರುವಿಲ್ಲ. ವಾಕ್ಯ ಹೊಡೆದುಹಾಕಿ ಬೇರೆ ಬರೆಯಬೇಕಾಗಿ ಬಂದರೆ, ಯಾವ ಪದ ನಿಮ್ಮನ್ನು ಹಾಗೆ ಮಾಡಿಸಿತು ಅಂತ ಹುಡುಕಿ. ಉತ್ತರವನ್ನು ಆ ಪದದಿಂದ ಶುರು ಮಾಡಿ.