ಜರ್ಮನಿಲಿ ರಜಾ ಸಂಬಳ, ಕಮಿಷನ್ ಸೇರುತ್ತಾ?

ಪ್ರಶ್ನೆ: ಮ್ಯೂನಿಕ್‌ನಲ್ಲಿ ಸೇಲ್ಸ್ ಕೆಲಸ, ವಾರಕ್ಕೆ 5 ದಿನ. 10 ದಿನ ರಜೆ ಹಾಕಿದ್ರೆ ಬರೀ ಫಿಕ್ಸೆಡ್ ಸಂಬಳ ಕೊಡ್ತಾರಾ?

ಉತ್ತರ: ಇಲ್ಲ, ಕಮಿಷನ್ನೂ ಸೇರುತ್ತೆ. ಅಲ್ಲಿನ ರಜಾ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ರಜೆ ಶುರುವಾಗೋ ಮುಂಚಿನ 13 ವಾರದ ಸರಾಸರಿ ಗಳಿಕೆ ಕೊಡ್ಬೇಕು, ತಿಂಗಳ ಸಂಬಳ ಆದ್ರೆ ಪೇರೋಲ್‌ನೋರು ಸಾಮಾನ್ಯವಾಗಿ ಹಿಂದಿನ 3 ತಿಂಗಳು ತಗೋತಾರೆ.

ಕಮಿಷನ್ 900, 1500, 1500 ಯೂರೋ ಬಂದಿತ್ತು ಅಂದ್ಕೊಳ್ಳಿ, ಒಟ್ಟು 3900, 13 ವಾರ ಅಂದ್ರೆ 65 ಕೆಲಸದ ದಿನ, ಭಾಗಿಸಿದ್ರೆ ದಿನಕ್ಕೆ 60, ಅಲ್ಲಿಗೆ 10 ದಿನಕ್ಕೆ ಫಿಕ್ಸೆಡ್ ಮೇಲೆ 600 ಯೂರೋ. ಓವರ್‌ಟೈಮ್ ದುಡ್ಡು, ಕ್ರಿಸ್‌ಮಸ್ ಬೋನಸ್ ಇದಕ್ಕೆ ಬರಲ್ಲ. ರಜೆ ತಿಂಗಳ ಪೇಸ್ಲಿಪ್‌ನಲ್ಲಿ ಈ ಸರಾಸರಿಗೆ ಬೇರೆ ಸಾಲು ಇಲ್ದಿದ್ರೆ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ, ಬಾಯಲ್ಲಿ ಕೇಳಿದ್ರೆ ಸಾಲಲ್ಲ.