“ಬು ತಿಂಗ್‌ದೊಂಗ್” ಅನ್ನೋದನ್ನ ಮೊದಲು ಬಿಡಿ: ಮ್ಯಾಂಡರಿನ್ ಕಲಿಯೋರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಟೀಚರ್ ಹೇಳಿದ್ದು ಅರ್ಥ ಆಗದಿದ್ದಾಗ ನಾನು “ವೋ ಬು ತಿಂಗ್‌ದೊಂಗ್” ಅಂತೀನಿ, ಪ್ರತಿ ಸಲ ತಿದ್ದುತ್ತಾರೆ. ಒಂದ್ಸಲ “ಮೇಯ್ ತಿಂಗ್‌ದೊಂಗ್” ಅನ್ನಬೇಕು ಅಂತಾರೆ, ಇನ್ನೊಂದ್ಸಲ “ತಿಂಗ್ ಬು ದೊಂಗ್” ಅಂತಾರೆ. ಯಾವುದು ಸರಿ ಸಾರ್?

ಎರಡೂ ಸರಿ, ನೀವು ಹೇಳೋದೊಂದೇ ತಪ್ಪು. ಹೊಸ ಬ್ಯಾಚ್ ಶುರುವಾದಾಗೆಲ್ಲ ಇದೇ ಪ್ರಶ್ನೆ ಬರುತ್ತೆ, ಯಾಕೆ ಬರುತ್ತೆ ಅಂತಾನೂ ಗೊತ್ತು. ಮೊದಲ ವಾರದಲ್ಲೇ “ವೋ ಬು ದೊಂಗ್” ಅಂತ ಕಲಿಸಿರ್ತಾರೆ, ಅದು ಸರಿಯಾದ ವಾಕ್ಯಾನೇ, “ನಂಗೆ ಗೊತ್ತಾಗಲ್ಲ” ಅಂತ. ದೊಂಗ್ ಒಂದೇ ಇದ್ದಾಗ ಅದೊಂದು ಸ್ಥಿತಿ, ಇಲ್ಲ ಅನ್ನೋ ಬು ಹಾಕಿದ್ರೆ ಏನೂ ತೊಂದರೆ ಇಲ್ಲ. ಆಮೇಲೆ ತಿಂಗ್‌ದೊಂಗ್ ಕಲಿತಾಗ ಅದರ ಮುಂದೇನೂ ಅದೇ ಬು ತಂದು ಅಂಟಿಸ್ತೀರ. ಆದ್ರೆ ತಿಂಗ್‌ದೊಂಗ್‌ನಲ್ಲಿ ಇರೋದು ಎರಡು ಸಂಗತಿ: ತಿಂಗ್ ಅನ್ನೋದು ನೀವು ಮಾಡಿದ್ದು, ಕಿವಿಗೊಟ್ಟು ಕೇಳಿದ್ದು. ದೊಂಗ್ ಅನ್ನೋದು ಅದರಿಂದ ಆಗಿದ್ದು. ಕೇಳಿದ ಮಾತ್ರಕ್ಕೆ ಅರ್ಥ ಆಗಿರಲೇಬೇಕು ಅಂತೇನಿಲ್ಲ, ಅದಕ್ಕೇ “ತಿಂಗ್ ಲ, ಮೇಯ್ ತಿಂಗ್‌ದೊಂಗ್” ಅನ್ನೋದು ಚೀನಾದಲ್ಲಿ ದಿನಬಳಕೆಯ ಮಾತು: ಕೇಳಿಸ್ಕೊಂಡೆ, ಅರ್ಥ ಆಗಲಿಲ್ಲ.

ಈಗ ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ, ಅದನ್ನ ಯಾರೂ ಬಳಸಲ್ಲ, ಎಲ್ಲರೂ ಇಂಗ್ಲಿಷ್ ಮೂಲಕಾನೇ ಹೋಗಿ ಸಿಕ್ಕಿಹಾಕ್ಕೋತಾರೆ. “ಅರ್ಥ ಆಗಲಿಲ್ಲ” ಮತ್ತು “ಅರ್ಥ ಆಗಲ್ಲ” ಎರಡನ್ನೂ ನೀವು ಯಾವತ್ತೂ ಅದಲು ಬದಲು ಮಾಡಲ್ಲ ಅಲ್ವಾ? ಆಗಲಿಲ್ಲ ಅಂದ್ರೆ ಮೇಯ್ ತಿಂಗ್‌ದೊಂಗ್. ಆಗಲ್ಲ ಅಂದ್ರೆ ತಿಂಗ್ ಬು ದೊಂಗ್. ಟೀಚರ್ ಈಗಷ್ಟೇ ಒಂದು ವಾಕ್ಯ ಹೇಳಿದ್ರು, ಆ ವಾಕ್ಯ ನಿಮಗೆ ದಕ್ಕಲಿಲ್ಲ, ಅದು ನಡೆದುಹೋದ ಒಂದು ಸಲದ ಮಾತು, ಆದ್ರಿಂದ ಮೇಯ್. ಬೀಜಿಂಗಿನವರೊಬ್ಬರು ಗ್ವಾಂಗ್‌ಝೌಗೆ ಹೋಗಿ ಸುತ್ತ ಕ್ಯಾಂಟನೀಸ್ ಮಾತಾಡೋದು ಕೇಳ್ತಾರೆ ಅಂದ್ಕೊಳ್ಳಿ, ಎಷ್ಟು ಕಿವಿಗೊಟ್ಟರೂ ಅವರ ಕೈಲಾಗಲ್ಲ, ಅವರು ಹೇಳೋದು ತಿಂಗ್ ಬು ದೊಂಗ್. ನಡುವಿನ ಆ ಬು ಹಗುರವಾಗಿ ಬರಬೇಕು, ಒತ್ತಿ ಹೇಳಿದ್ರೆ ಪಾಠ ಒಪ್ಪಿಸಿದ ಹಾಗೆ ಕೇಳುತ್ತೆ. ಆಗುತ್ತೆ ಅನ್ನೋದಕ್ಕೆ ಅದೇ ಜಾಗದಲ್ಲಿ ದ: ತಿಂಗ್ ದ ದೊಂಗ್. ಈ ಎರಡು ಬಿಟ್ಟು ಕ್ರಿಯೆ ಮತ್ತು ಅದರ ಫಲದ ನಡುವೆ ಇನ್ನೇನೂ ತುರುಕೋ ಹಾಗಿಲ್ಲ, ಆಯ್ತು ಅನ್ನೋ ಲ ಕೂಡ ಕೊನೆಗೇ. ತಿಂಗ್‌ದೊಂಗ್ ಲ, ಅರ್ಥ ಆಯ್ತು. ಮತ್ತೆ ಮೇಯ್ ಬಂದ ಕಡೆ ಆ ಲ ಹೋಗ್ಬೇಕು, “ಮೇಯ್ ತಿಂಗ್‌ದೊಂಗ್ ಲ” ಅಂತ ಬರೆದ ಹೋಮ್‌ವರ್ಕ್ ತಿದ್ದಿ ತಿದ್ದಿ ಸಾಕಾಗಿದೆ.

ಹಾಗೆ ನೋಡಿದ್ರೆ ನಮ್ಮ ಕನ್ನಡಾನೇ ಎಡವಿಸೋ ಜಾಗಾನೂ ಒಂದಿದೆ. “ಫೋನ್ ಸಿಗ್ತಾ ಇಲ್ಲ”, “ಅರ್ಥ ಆಗ್ತಾ ಇಲ್ಲ” ಅಂತೀವಿ. ಈ “ತಾ ಇಲ್ಲ” ನೋಡಿ ವಿದ್ಯಾರ್ಥಿಗಳು ಝಾಯ್ ಹಾಕ್ತಾರೆ, ಅದು ನಡೀತಾ ಇರೋ ಕೆಲಸಕ್ಕೆ ಬಳಸೋ ಪದ. ಝಾಯ್ ಜಾವ್ ಸರಿ, ಹುಡುಕ್ತಾ ಇದೀನಿ. ಝಾಯ್ ಜಾವ್‌ದಾವ್ ತಪ್ಪು, ಸಿಗೋದು ಒಂದು ಕ್ಷಣದಲ್ಲಿ ಮುಗಿದುಹೋಗೋ ಸಂಗತಿ, ಅದು ನಡೀತಾ ಇರೋಕಾಗಲ್ಲ. ಹಾಗಾದ್ರೆ “ಸಿಗ್ತಾ ಇಲ್ಲ” ಅನ್ನೋದಕ್ಕೆ ಏನು? ಜಾವ್ ಬು ದಾವ್. ಒಂದು ಫೋನ್ ಕಳೆದ ಕಥೆ ಪೂರ್ತಿ ನೋಡಿ: ಏನ್ಮಾಡ್ತಿದೀಯ ಅಂದ್ರೆ “ವೋ ಝಾಯ್ ಜಾವ್ ಶೋಜಿ”, ಫೋನ್ ಹುಡುಕ್ತಿದೀನಿ. ಎಲ್ಲ ಕಡೆ ಜಾಲಾಡಿ ಸುಸ್ತಾದ್ಮೇಲೆ “ಜಾವ್ ಬು ದಾವ್”, ಸಿಗ್ತಾ ಇಲ್ಲ. ಸಂಜೆ ಮನೆಯವರು “ಜಾವ್‌ದಾವ್ ಲ ಮಾ?” ಅಂದಾಗ “ಹಾಯ್ ಮೇಯ್ ಜಾವ್‌ದಾವ್”, ಇನ್ನೂ ಸಿಕ್ಕಿಲ್ಲ. ಸೋಫಾ ಸಂದಿಲಿ ಕಂಡ ಕೂಡಲೇ “ಜಾವ್‌ದಾವ್ ಲ!” ಈ ನಾಲ್ಕು ವಾಕ್ಯಾನ ಕನ್ನಡದಲ್ಲಿ ಒಂದ್ಸಲ ಮನಸ್ಸಲ್ಲಿ ಹೇಳ್ಕೊಂಡು ನೋಡಿ, ಎಲ್ಲಿ ಮೇಯ್ ಎಲ್ಲಿ ಬು ಅಂತ ಬಾಯಿಪಾಠ ಮಾಡೋ ಅಗತ್ಯಾನೇ ಬೀಳಲ್ಲ.

ಇನ್ನೊಂದು ವಿಷಯ, ನಿಮ್ಮ ಟೀಚರ್ ತಿದ್ದೋದು ಬರೀ ವ್ಯಾಕರಣಕ್ಕಲ್ಲ. ತಿಂಗ್ ಮಾಡಿದ ಮೇಲೆ ಮೂರು ಥರ ಕೈಕೊಡಬಹುದು. ದನಿ ಕಿವಿಗೇ ಬೀಳಲಿಲ್ಲ ಅಂದ್ರೆ ಮೇಯ್ ತಿಂಗ್‌ಜ್ಯೆನ್. ಬಿತ್ತು, ಆದ್ರೆ ಪದ ಬಿಡಿಸ್ಕೊಳ್ಳೋಕಾಗಲಿಲ್ಲ, ಸ್ಟೇಷನ್ನಲ್ಲಿ ಗಲಾಟೆ ಮಧ್ಯೆ ಅನೌನ್ಸ್‌ಮೆಂಟ್ ಕೇಳಿದ ಹಾಗೆ, ಅಂದ್ರೆ ಮೇಯ್ ತಿಂಗ್‌ಚಿಂಗ್‌ಚು. ಪದ ಎಲ್ಲ ಸ್ಪಷ್ಟ, ಅರ್ಥ ಮಾತ್ರ ಹೊಳೀಲಿಲ್ಲ ಅಂದ್ರೆ ಮೇಯ್ ತಿಂಗ್‌ದೊಂಗ್. ಮೊದಲನೇದಕ್ಕೆ ಅವರು ಜೋರಾಗಿ ಹೇಳ್ತಾರೆ, ಎರಡನೇದಕ್ಕೆ ನಿಧಾನವಾಗಿ ಇನ್ನೊಂದ್ಸಲ ಹೇಳ್ತಾರೆ, ಮೂರನೇದಕ್ಕೆ ಬೇರೆ ಪದ ಹಾಕಿ ಬಿಡಿಸಿ ಹೇಳ್ತಾರೆ. ತಪ್ಪು ಜೋಡಿ ಹೇಳಿದ್ರೆ ಅದೇ ಅರ್ಥ ಆಗದ ವಾಕ್ಯಾನ ಇನ್ನೂ ಜೋರಾಗಿ ಕೇಳ್ಬೇಕಾಗುತ್ತೆ, ಅಷ್ಟೇ.

ಇನ್ನು ಇಂಥ ಜೋಡಿ ಮುಂದೆ ಬು ಬರೋದೇ ಇಲ್ವಾ ಅಂದ್ರೆ, ಬರುತ್ತೆ, ಷರತ್ತಿನ ಮಾತಲ್ಲಿ. “ಬು ಝ್ವೊವಾನ್ ಬು ಶ್ವೆಯ್‌ಜ್ಯಾವ್”, ಮಾಡಿ ಮುಗಿಸದೆ ಮಲಗಲ್ಲ. ಇದನ್ನ ಈಗಲೇ ಬಳಸೋಕೆ ಹೋಗ್ಬೇಡಿ, ಮೇಲಿನದು ನಾಲಿಗೆಗೆ ಕೂರಲಿ, ಆಮೇಲೆ ನೋಡೋಣ.

ಪ್ರಶ್ನೆ: ಆಗಲ್ಲ ಅನ್ನೋದಕ್ಕೆ “ಬು ನೆಂಗ್” ಇದೆಯಲ್ಲ, ಎಲ್ಲದಕ್ಕೂ ಅದನ್ನೇ ಹಾಕಿದ್ರೆ ನಡೆಯಲ್ವಾ? ಒಂದು ವಿಡಿಯೋದಲ್ಲಿ ಹಾಗೇ ಹೇಳಿದ್ರು.

ನಡೆಯಲ್ಲ. ಆ ವಿಡಿಯೋ ಮಾಡಿದವರು ಬೀಗ ಹಾಕಿದ ಬಾಗಿಲ ಮುಂದೆ ನಿಂತು “ಬು ನೆಂಗ್ ಜಿನ್‌ಚ್ಯು” ಅಂದ್ರೆ, ಒಳಗೆ ಹೋಗೋಕೆ ಪರ್ಮಿಷನ್ ಇಲ್ಲವೇನೋ ಅಂತ ಜನ ಅಂದ್ಕೋತಾರೆ. ಬಾಗಿಲು ತೆಗೆಯೋಕಾಗದೆ ಒಳಗೆ ಹೋಗೋಕಾಗ್ತಿಲ್ಲ ಅನ್ನೋದು “ಜಿನ್ ಬು ಚ್ಯು”. ಅರ್ಥ ಆಗಲ್ಲ ಅನ್ನೋದಕ್ಕೆ “ಬು ನೆಂಗ್ ತಿಂಗ್‌ದೊಂಗ್” ಅಂತ ಚೀನಾದವರ ಬಾಯಲ್ಲಿ ಸಹಜವಾಗಿ ಬರೋದಿಲ್ಲ. ಚಿಟಿಕೆ ಹೊಡೆಯೋದ್ರಲ್ಲಿ ಭಾಷೆ ಕಲಿಸ್ತೀವಿ ಅಂತ ದುಡ್ಡು ಕೀಳೋರ ಮಾತು ಕೇಳ್ಬೇಡಿ, ಅವರು ಹತ್ತಿಸಿದ ತಪ್ಪು ಬಿಡಿಸೋಕೆ ನಮಗೆ ತಿಂಗಳುಗಟ್ಟಲೆ ಬೇಕಾಗುತ್ತೆ.

ಪ್ರಶ್ನೆ: ಪುಸ್ತಕ ಓದಿ ಮುಗಿಸ್ದೆ ಅನ್ನೋಕೆ “ಕಾನ್ ಶು ವಾನ್ ಲ” ಅಂದೆ, ಫ್ರೆಂಡ್ ನಕ್ಕಳು. ಯಾಕೆ?

ಪುಸ್ತಕಾನ ಮಧ್ಯದಲ್ಲಿ ತುರುಕಿದ್ದಕ್ಕೆ. ಕಾನ್‌ವಾನ್ ಒಟ್ಟಿಗೇ ಇರಲಿ, ಶು ಆಚೆ ಬರಲಿ.

ಪ್ರಶ್ನೆ: ಝ್ವೊವಾನ್, ಝ್ವೊಹಾವ್ ಎರಡೂ “ಮಾಡಿಯಾಯ್ತು” ತಾನೆ?

ವಾನ್ ಅಂದ್ರೆ ಕೆಲಸ ಮುಗೀತು, ಹೇಗೆ ಮುಗೀತು ಅಂತ ಕೇಳ್ಬೇಡಿ. ಹಾವ್ ಅಂದ್ರೆ ಸರಿಯಾಗಿ ಆಗಿದೆ, ಮುಂದಿನದಕ್ಕೆ ರೆಡಿ. ಅಡುಗೆ ಆಯ್ತು, ಊಟಕ್ಕೆ ಬನ್ನಿ ಅನ್ನೋರು ಝ್ವೊಹಾವ್ ಅಂತಾರೆ.

ಪ್ರಶ್ನೆ: ಇಂಥ ಜೋಡಿ ಎಲ್ಲಾ ಸೇರಿಸಿ ಒಂದು ಪಿಡಿಎಫ್ ಕಳಿಸ್ತೀರಾ?

ಕಳಿಸಲ್ಲ. ಹೊಸ ಕ್ರಿಯಾಪದ ಕಲಿತಾಗ ಅದು ಮುಗೀತಾ, ಸಿಕ್ತಾ, ಅರ್ಥ ಆಯ್ತಾ ಅಂತ ಅದರ ಫಲದ ಜೊತೆಗೇ ನಾಲ್ಕು ವಾಕ್ಯ ಬರೆದು ನನಗೆ ಕಳಿಸಿ, ತಿದ್ದಿ ಕೊಡ್ತೀನಿ.