ಡೆಫಿನಿಷನ್ ಆಫ್ ಡನ್, ಅಕ್ಸೆಪ್ಟೆನ್ಸ್ ಕ್ರೈಟೀರಿಯಾ: ಯಾವ ಜಗಳಕ್ಕೆ ಯಾವ ಪಟ್ಟಿ?

ಪ್ರಶ್ನೆ: ಡೆಫಿನಿಷನ್ ಆಫ್ ಡನ್, ಅಕ್ಸೆಪ್ಟೆನ್ಸ್ ಕ್ರೈಟೀರಿಯಾ ಎರಡೂ "ಕೆಲಸ ಮುಗೀತಾ?" ಅಂತಲೇ ಕೇಳೋದಲ್ವಾ? ಹಾಗಿದ್ರೆ ಎರಡು ಪಟ್ಟಿ ಯಾಕೆ? ನಮ್ಮ ಟೀಮಲ್ಲಿ ಎರಡೂ ಇವೆ, ಆದ್ರೂ ಸ್ಪ್ರಿಂಟ್ ರಿವ್ಯೂ ದಿನ ವಾದ ತಪ್ಪಿಲ್ಲ.

ಎರಡು ಪಟ್ಟಿ ಬೇಕಾಗುವುದು ವಾದ ಎರಡು ಬಗೆಯದ್ದಾಗಿರುವುದರಿಂದ. "ನಾನು ಕೇಳಿದ್ದು ಇದಲ್ಲ" ಎಂದು ಪ್ರಾಡಕ್ಟ್ ಓನರ್ ಹೇಳಿದರೆ, "ನೀವು ಹೇಳಿದ್ದೇ ಇದು" ಎಂದು ಡೆವಲಪರ್ ಹೇಳಿದರೆ, ಅದು ಅಕ್ಸೆಪ್ಟೆನ್ಸ್ ಕ್ರೈಟೀರಿಯಾದ ಜಗಳ. ಕೇಳಿದ್ದೇನೋ ಬಂದಿದೆ, ಆದರೆ "ಕೋಡ್ ಮುಗಿದಿದೆ, ಟೆಸ್ಟಿಂಗ್ ಮಾತ್ರ ಬಾಕಿ", "ನನ್ನ ಮಷೀನಲ್ಲಿ ಓಡ್ತಿದೆ", "ಶೇ. 90 ಆಗಿದೆ" ಎಂಬ ಮಾತು ಶುರುವಾದರೆ ಅದು ಡೆಫಿನಿಷನ್ ಆಫ್ ಡನ್‌ನ ಜಗಳ. ಮೊದಲನೆಯದು ಆ ಒಂದು ಸ್ಟೋರಿಗೆ ಸೇರಿದ್ದು, ಪ್ರತಿ ಸ್ಟೋರಿಗೂ ಹೊಸದಾಗಿ ಬರೆಯಬೇಕು. ಎರಡನೆಯದು ಪ್ರಾಡಕ್ಟ್‌ಗೆಲ್ಲ ಒಂದೇ. ಒಮ್ಮೆ ಒಪ್ಪಿಕೊಂಡ ಮೇಲೆ ಎಲ್ಲ ಸ್ಟೋರಿಗೂ ಅನ್ವಯ.

ಸ್ಕ್ರಮ್ ಗೈಡ್‌ನ 2020ರ ಆವೃತ್ತಿಯಲ್ಲಿ ಡೆಫಿನಿಷನ್ ಆಫ್ ಡನ್‌ಗೆ ಖಚಿತ ಜಾಗವಿದೆ: ಅದನ್ನು ತಲುಪದ ಐಟಂ ಬಿಡುಗಡೆಯಾಗುವಂತಿಲ್ಲ, ಸ್ಪ್ರಿಂಟ್ ರಿವ್ಯೂನಲ್ಲಿ ತೋರಿಸುವಂತೆಯೂ ಇಲ್ಲ, ಪ್ರಾಡಕ್ಟ್ ಬ್ಯಾಕ್‌ಲಾಗ್‌ಗೆ ವಾಪಸ್ ಹೋಗಬೇಕು. ಅಕ್ಸೆಪ್ಟೆನ್ಸ್ ಕ್ರೈಟೀರಿಯಾ ಎಂಬ ಹೆಸರು ಆ ಗೈಡ್‌ನಲ್ಲಿ ಇಲ್ಲವೇ ಇಲ್ಲ. ಅದು ಯೂಸರ್ ಸ್ಟೋರಿ ಬರೆಯುವ ರೂಢಿಯಿಂದ ಬಂದದ್ದು. ಹಾಗಾಗಿ ಡೆಫಿನಿಷನ್ ಆಫ್ ಡನ್ ಅನ್ನು ಕಡ್ಡಾಯವೆಂದೂ ಅಕ್ಸೆಪ್ಟೆನ್ಸ್ ಕ್ರೈಟೀರಿಯಾವನ್ನು ಟಿಪ್ಪಣಿಯೆಂದೂ ನೋಡುವ ಟೀಮುಗಳಿವೆ. ಆದರೆ ದುಡ್ಡಿನ ಜಗಳ ಹೆಚ್ಚಾಗಿ ಹುಟ್ಟುವುದು ಅಕ್ಸೆಪ್ಟೆನ್ಸ್ ಕ್ರೈಟೀರಿಯಾದಲ್ಲೇ.

ಒಂದು ಸ್ಟೋರಿ ಹಿಡಿದು ನೋಡೋಣ. ಬಸ್ ಟಿಕೆಟ್ ಬುಕಿಂಗ್ ಆ್ಯಪ್. ದರ, ನಿಯಮ ಎಲ್ಲ ಉದಾಹರಣೆಗಾಗಿ ನಾನೇ ಇಟ್ಟುಕೊಂಡದ್ದು. "ಪ್ರಯಾಣಿಕನಾಗಿ, ಬೇಡವಾದ ಟಿಕೆಟನ್ನು ನಾನೇ ರದ್ದು ಮಾಡಿ ಹಣ ವಾಪಸ್ ಪಡೆಯಬೇಕು." ಇದರ ಕೆಳಗೆ ಸಾಮಾನ್ಯವಾಗಿ ಸಿಗುವ ಬರಹ ಹೀಗಿರುತ್ತದೆ: "24 ಗಂಟೆ ಮುಂಚೆ ರದ್ದು ಮಾಡಿದರೆ ಶೇ. 10 ಕಡಿತ, ಆಮೇಲಾದರೆ ಶೇ. 25, ಕೊನೆಯ 4 ಗಂಟೆಯಲ್ಲಿ ರದ್ದತಿ ಇಲ್ಲ. ಹಣ ಬೇಗ ವಾಪಸ್ ಬರಬೇಕು." ಓದಿದರೆ ಎಲ್ಲ ಸ್ಪಷ್ಟ ಅನ್ನಿಸುತ್ತದೆ. ಇದರೊಳಗೆ ಕನಿಷ್ಠ ನಾಲ್ಕು ಜಗಳ ಅಡಗಿವೆ.

ಯಾವುದಕ್ಕಿಂತ 24 ಗಂಟೆ ಮುಂಚೆ? ಬಸ್ಸು 14ರ ರಾತ್ರಿ 9ಕ್ಕೆ ಬೆಂಗಳೂರು ಬಿಡುತ್ತದೆ, ಪ್ರಯಾಣಿಕರು ಹತ್ತುವುದು ದಾವಣಗೆರೆಯಲ್ಲಿ, 15ರ ಬೆಳಗಿನ ಜಾವ 1:30ಕ್ಕೆ. ಅವರು 13ರ ರಾತ್ರಿ 11ಕ್ಕೆ ರದ್ದು ಮಾಡುತ್ತಾರೆ. ಬಸ್ಸು ಹೊರಡುವ ಹೊತ್ತಿನಿಂದ ಲೆಕ್ಕ ಹಾಕಿದರೆ 22 ಗಂಟೆ, ಹತ್ತುವ ಹೊತ್ತಿನಿಂದ ಹಾಕಿದರೆ ಇಪ್ಪತ್ತಾರೂವರೆ. ಸೀಟಿಗೆ 845 ರೂಪಾಯಿ ದರವಾದರೆ ಒಂದು ಲೆಕ್ಕದಲ್ಲಿ 211.25 ಕಡಿತ, ಇನ್ನೊಂದರಲ್ಲಿ 84.50. ಡೆವಲಪರ್ ಡೇಟಾಬೇಸಿನಲ್ಲಿ ಕೈಗೆ ಸಿಕ್ಕ ಸಮಯ ಬಳಸಿಕೊಳ್ಳುತ್ತಾರೆ. ಪ್ರಾಡಕ್ಟ್ ಓನರ್ ತಲೆಯಲ್ಲಿ ಇನ್ನೊಂದಿರುತ್ತದೆ. ಇಬ್ಬರದೂ ತಪ್ಪಲ್ಲ, ಬರೆದದ್ದರಲ್ಲಿ ಉತ್ತರವಿಲ್ಲ ಅಷ್ಟೆ.

ಎರಡನೆಯದು ಗಡಿ. ಸರಿಯಾಗಿ 24 ಗಂಟೆಗೆ ರದ್ದು ಮಾಡಿದರೆ ಯಾವ ಕಡಿತ? ಪುಟ ತೆರೆದಾಗ ಶೇ. 10 ತೋರಿಸಿ, "ಖಚಿತಪಡಿಸಿ" ಒತ್ತುವಷ್ಟರಲ್ಲಿ ಹೊತ್ತು ದಾಟಿದರೆ? ಮೂರನೆಯದು ಪೈಸೆ. ಎರಡು ಸೀಟು ಒಟ್ಟಿಗೆ ರದ್ದಾದರೆ 1690ರ ಶೇ. 10 ಅಂದರೆ 169. ಅದೇ ಸೀಟಿಗೊಂದರಂತೆ 84.50 ತೆಗೆದು ಮೇಲಿನ ರೂಪಾಯಿಗೆ ಏರಿಸಿದರೆ 85 ಎರಡು ಸಲ, ಅಂದರೆ 170. ಒಂದು ರೂಪಾಯಿ ಎಂದು ನಗಬೇಡಿ: ಆ್ಯಪ್ ಒಂದು ಲೆಕ್ಕ, ಅಕೌಂಟ್ಸ್ ವಿಭಾಗದ ವರದಿ ಇನ್ನೊಂದು ಲೆಕ್ಕ ಹಾಕಿದರೆ ತಿಂಗಳ ಕೊನೆಗೆ ತಾಳೆಯಾಗುವುದಿಲ್ಲ, ಆಗ ಅದು ಬಗ್ ಆಗಿ ಟೀಮಿನ ತಲೆಗೇ ಬರುತ್ತದೆ. ನಾಲ್ಕನೆಯದು "ಬೇಗ". ಬ್ಯಾಂಕ್ ಖಾತೆಗೆ ಹಣ ಬೀಳುವುದು ಟೀಮಿನ ಕೈಯಲ್ಲಿಲ್ಲ. ಪೇಮೆಂಟ್ ಗೇಟ್‌ವೇಗೆ ಕೋರಿಕೆ ಹೋಗುವುದು ಮಾತ್ರ ಕೈಯಲ್ಲಿದೆ.

ಇದನ್ನೆಲ್ಲ ಕೇಳಿ ಮುಗಿಸಿದ ಮೇಲೆ ಅದೇ ಸ್ಟೋರಿ ಹೀಗಾಗುತ್ತದೆ:

1. ಸಮಯದ ಲೆಕ್ಕ ಪ್ರಯಾಣಿಕರು ಹತ್ತುವ ನಿಲ್ದಾಣದ ನಿಗದಿತ ಸಮಯದಿಂದ. "ಖಚಿತಪಡಿಸಿ" ಒತ್ತಿದ ಕೋರಿಕೆ ಸರ್ವರ್‌ಗೆ ಬಂದ ಕ್ಷಣವೇ ರದ್ದತಿಯ ಸಮಯ.
2. 24 ಗಂಟೆ ಅಥವಾ ಹೆಚ್ಚು ಉಳಿದಿದ್ದರೆ ಶೇ. 10, 24ಕ್ಕಿಂತ ಕಡಿಮೆ, ಆದರೆ 4 ಅಥವಾ ಹೆಚ್ಚು ಉಳಿದಿದ್ದರೆ ಶೇ. 25, 4ಕ್ಕಿಂತ ಕಡಿಮೆಯಾದರೆ ರದ್ದತಿ ಬಟನ್ ಕಾಣುವುದಿಲ್ಲ, ಕಾರಣ ಕಾಣುತ್ತದೆ.
3. ಪುಟದಲ್ಲಿ ತೋರಿಸಿದ ಕಡಿತ ಒತ್ತುವಾಗ ಬದಲಾಗಿದ್ದರೆ, ಹೊಸ ಮೊತ್ತ ತೋರಿಸಿ ಮತ್ತೊಮ್ಮೆ ಒಪ್ಪಿಗೆ ಕೇಳಬೇಕು.
4. ಕಡಿತ ಸೀಟಿಗೊಂದರಂತೆ ಲೆಕ್ಕವಾಗಿ ಮೇಲಿನ ರೂಪಾಯಿಗೆ ಏರುತ್ತದೆ. 845 ರೂಪಾಯಿಯ ಎರಡು ಸೀಟಿಗೆ ಶೇ. 10ರ ಕಡಿತ 170, ವಾಪಸ್ 1520.
5. ರದ್ದಾದ 1 ನಿಮಿಷದೊಳಗೆ ರೀಫಂಡ್ ಕೋರಿಕೆ ಗೇಟ್‌ವೇಗೆ ಹೋಗಿ, ಅದರ ರೆಫರೆನ್ಸ್ ನಂಬರ್ ಟಿಕೆಟ್ ಪುಟದಲ್ಲಿ ಕಾಣಬೇಕು.
6. ಗೇಟ್‌ವೇ ಉತ್ತರಿಸದಿದ್ದರೂ ಸೀಟು ರದ್ದಾಗಿಯೇ ಉಳಿಯುತ್ತದೆ. ಸ್ಥಿತಿ "ರೀಫಂಡ್ ಬಾಕಿ" ಎಂದು ತೋರುತ್ತದೆ, ಕೋರಿಕೆ ಮತ್ತೆ ಹೋದರೂ ಹಣ ಎರಡು ಸಲ ಹೋಗಬಾರದು.

ನಾಲ್ಕನೆಯ ಸಾಲಿನಲ್ಲಿ ನಿಯಮದ ಪಕ್ಕದಲ್ಲೇ ಲೆಕ್ಕ ಮಾಡಿದ ಉತ್ತರವೂ ಇದೆ, ಗಮನಿಸಿ. ಹಣ, ದಿನಾಂಕ, ಶೇಕಡಾ ಇರುವ ಕಡೆ ಹೀಗೆ ಒಂದು ಅಂಕಿ ಬರೆದಿಡುವುದನ್ನು ನಾನು ಬಿಡುವುದೇ ಇಲ್ಲ. ನಿಯಮವನ್ನು ಇಬ್ಬರು ಎರಡು ರೀತಿ ಓದಬಹುದು, 170 ಎಂಬುದನ್ನು ಓದಲಾರರು. ಅದೇ ಅಂಕಿಯನ್ನು ಟೆಸ್ಟರ್ ಹಾಗೇ ಟೆಸ್ಟ್ ಕೇಸಿಗೆ ಎತ್ತಿಕೊಳ್ಳುತ್ತಾರೆ. ಇನ್ನೊಂದು ವಿಷಯ: "ಕೆಂಪು ಬಟನ್", "ಪಾಪ್‌ಅಪ್ ಬರಬೇಕು" ಇತ್ಯಾದಿ ಇಲ್ಲಿಲ್ಲ. ಅದು ಡಿಸೈನ್‌ನ ಕೆಲಸ; ಇಲ್ಲಿ ಸೇರಿಸಿದರೆ ಬಣ್ಣ ಬದಲಾದಾಗಲೆಲ್ಲ ಸ್ಟೋರಿ ಫೇಲ್. ಹಾಗೆಯೇ ಸಾಲುಗಳು ಎಂಟು-ಹತ್ತು ದಾಟಿದರೆ ಸ್ಟೋರಿ ದೊಡ್ಡದಾಗಿದೆ ಎಂದೇ ತಿಳಿಯಿರಿ. ಮೂರು ಸೀಟಿನಲ್ಲಿ ಒಂದನ್ನೇ ರದ್ದು ಮಾಡುವುದನ್ನು ಇಲ್ಲಿ ತುರುಕದೆ ಬೇರೆ ಸ್ಟೋರಿ ಮಾಡಿ, ಮತ್ತು "ಭಾಗಶಃ ರದ್ದತಿ ಇದರಲ್ಲಿಲ್ಲ" ಎಂದು ಇಲ್ಲಿ ಬರೆಯಿರಿ. ಏನಿಲ್ಲ ಎಂದು ಬರೆದ ಆ ಒಂದು ಸಾಲು ರಿವ್ಯೂನಲ್ಲಿ ಅರ್ಧ ಗಂಟೆ ಉಳಿಸುತ್ತದೆ.

ಈಗ ಡೆಫಿನಿಷನ್ ಆಫ್ ಡನ್. ಮೇಲಿನ ಆರೂ ಸಾಲು ಡೆಮೋದಲ್ಲಿ ಸರಿಯಾಗಿ ನಡೆದವು ಎಂದುಕೊಳ್ಳಿ. ಆದರೂ ಕೋಡ್ ಇನ್ನೂ ಡೆವಲಪರ್‌ನ ಬ್ರಾಂಚ್‌ನಲ್ಲೇ ಇರಬಹುದು, ಕನ್ನಡ ಪುಟದಲ್ಲಿ ಸಂದೇಶಗಳು ಇಂಗ್ಲಿಷಿನಲ್ಲೇ ಬರುತ್ತಿರಬಹುದು, ಲಾಗ್ ಫೈಲಿನಲ್ಲಿ ಪ್ರಯಾಣಿಕರ ಮೊಬೈಲ್ ನಂಬರ್ ಪೂರ್ತಿ ಬೀಳುತ್ತಿರಬಹುದು. ಇವು ರದ್ದತಿಗೆ ಮಾತ್ರ ಸೇರಿದವಲ್ಲ, ನಾಳೆ ಸೀಟು ಬದಲಿಸುವ ಸ್ಟೋರಿಗೂ ಇವೇ ಬೇಕು. ಆದ್ದರಿಂದ ಟೀಮಿನ ಪಟ್ಟಿ ಹೀಗಿರಬಹುದು: ಬರೆದವರಲ್ಲದೆ ಇನ್ನೊಬ್ಬರು ಕೋಡ್ ರಿವ್ಯೂ ಮಾಡಿದ್ದಾರೆ, ಪ್ರತಿ ಅಕ್ಸೆಪ್ಟೆನ್ಸ್ ಕ್ರೈಟೀರಿಯಾಗೂ ಕನಿಷ್ಠ ಒಂದು ಆಟೊಮೇಟೆಡ್ ಟೆಸ್ಟ್ ಇದ್ದು ಪಾಸಾಗಿದೆ, ಮುಖ್ಯ ಬ್ರಾಂಚ್‌ಗೆ ಮರ್ಜ್ ಆಗಿ ಸ್ಟೇಜಿಂಗ್‌ನಲ್ಲಿ ಓಡುತ್ತಿದೆ, ಕನ್ನಡ, ಇಂಗ್ಲಿಷ್ ಎರಡರ ಪಠ್ಯವೂ ಸೇರಿದೆ, ಲಾಗ್‌ನಲ್ಲಿ ವೈಯಕ್ತಿಕ ಮಾಹಿತಿ ಇಲ್ಲ, ಈ ಸ್ಟೋರಿಯಿಂದ ಹುಟ್ಟಿದ ಗಂಭೀರ ಬಗ್ ಯಾವುದೂ ತೆರೆದಿಲ್ಲ. "ಗಂಭೀರ" ಅಂದರೆ ಏನು ಎಂದೂ ಬರೆದಿರಲಿ: ಹಣದ ಲೆಕ್ಕ ತಪ್ಪುವುದು, ಮಾಹಿತಿ ಕಳೆದುಹೋಗುವುದು, ಬುಕಿಂಗ್ ನಿಲ್ಲುವುದು. ಇಲ್ಲದಿದ್ದರೆ ಜಗಳ ಆ ಒಂದು ಪದದ ಸುತ್ತಲೇ ತಿರುಗುತ್ತದೆ.

ಒಂದು ಸಾಲು ಯಾವ ಪಟ್ಟಿಗೆ ಎಂಬ ಗೊಂದಲ ಬಂದರೆ ಅದನ್ನು ಸಂಬಂಧವಿಲ್ಲದ ಇನ್ನೊಂದು ಸ್ಟೋರಿಯ ಮೇಲಿಟ್ಟು ಓದಿ. ಅಲ್ಲೂ ನಿಜವಾಗಬೇಕಾದರೆ ಡೆಫಿನಿಷನ್ ಆಫ್ ಡನ್‌ಗೆ ಸೇರಲಿ, ಅರ್ಥವೇ ಇಲ್ಲದಿದ್ದರೆ ಅಕ್ಸೆಪ್ಟೆನ್ಸ್ ಕ್ರೈಟೀರಿಯಾಗೆ. ವೇಗದಂಥವು ಎರಡೂ ಕಡೆ ಬರಬಹುದು: ಎಲ್ಲ ಪುಟಕ್ಕೂ ಇರುವ ಮಿತಿ ಅಲ್ಲಿ, ರೀಫಂಡ್‌ನ 1 ನಿಮಿಷ ಇಲ್ಲಿ.

ಪಟ್ಟಿ ಇದ್ದೂ ನಿಮ್ಮಲ್ಲಿ ವಾದ ತಪ್ಪದಿರುವುದಕ್ಕೆ ಕಾರಣ ಬಹುಶಃ ಈ ಮೂರರಲ್ಲಿ ಒಂದು. ಕ್ರೈಟೀರಿಯಾವನ್ನು ಪ್ರಾಡಕ್ಟ್ ಓನರ್ ಒಬ್ಬರೇ ಬರೆದು ಟೂಲಿಗೆ ಹಾಕುತ್ತಿರಬಹುದು. ದಾವಣಗೆರೆಯ ಪ್ರಶ್ನೆ ಏಳುವುದು ಓನರ್, ಡೆವಲಪರ್, ಟೆಸ್ಟರ್ ಮೂವರೂ ರಿಫೈನ್‌ಮೆಂಟ್‌ನಲ್ಲಿ ಕೂತಾಗ ಮಾತ್ರ, ಅದೂ ಸ್ಪ್ರಿಂಟ್ ಪ್ಲಾನಿಂಗ್‌ಗೆ ಮುಂಚೆ. ಅಥವಾ ಡೆಫಿನಿಷನ್ ಆಫ್ ಡನ್‌ನಲ್ಲಿ ಸ್ಪ್ರಿಂಟ್ ಒಳಗೆ ಟೀಮಿಗೆ ಮಾಡಲಾಗದ ಕೆಲಸ ಸೇರಿರಬಹುದು, ಉದಾಹರಣೆಗೆ ಮೂರು ತಿಂಗಳಿಗೊಮ್ಮೆ ಹೊರಗಿನವರು ಮಾಡುವ ಸೆಕ್ಯುರಿಟಿ ಆಡಿಟ್. ಹಾಗಿದ್ದರೆ ಯಾವ ಸ್ಟೋರಿಯೂ ನಿಜವಾಗಿ ಮುಗಿಯದು, ಎಲ್ಲರೂ ಸುಮ್ಮನೆ ಟಿಕ್ ಹಾಕಲು ಕಲಿಯುತ್ತಾರೆ. ಅಂಥದ್ದನ್ನು ತೆಗೆದು "ಬಿಡುಗಡೆಗೆ ಮುಂಚೆ ಬಾಕಿ" ಎಂದು ಎಲ್ಲರಿಗೂ ಕಾಣುವಂತೆ ಬೇರೆ ಇಡಿ. ಟೀಮಿನ ಶಕ್ತಿ ಬೆಳೆದಂತೆ ಒಂದೊಂದಾಗಿ ಒಳಗೆ ತನ್ನಿ.

ಮೂರನೆಯದೇ ಹೆಚ್ಚು ಕಾಡುವಂಥದ್ದು: ನಡುವೆ ಬದಲಾವಣೆ. ಸ್ಪ್ರಿಂಟ್‌ನ ಏಳನೇ ದಿನ ಓನರ್ ಬಂದು "ಹಬ್ಬದ ವಿಶೇಷ ಬಸ್ಸಿಗೆ ರದ್ದತಿ ಇರಬಾರದು" ಅನ್ನುತ್ತಾರೆ. ಬೇಡಿಕೆ ನ್ಯಾಯವಾದದ್ದೇ, ಆದರೆ ಆರು ಸಾಲಿನಲ್ಲಿ ಅದಿಲ್ಲ. ಹಾಗಾಗಿ ಇದು ಬಗ್ ಅಲ್ಲ, ಹೊಸ ಸ್ಟೋರಿ. ಹಳೆಯದು ತನ್ನ ಆರು ಸಾಲಿನ ಮೇಲೆ ಪಾಸಾಗಬೇಕು. ಡೆವಲಪರ್‌ಗಳೂ ಒಪ್ಪಿ ಈಗಲೇ ಸೇರಿಸುವುದಾದರೆ ಏಳನೇ ಸಾಲಾಗಿ ದಿನಾಂಕದ ಸಮೇತ ಬರೆಯಿರಿ, ಬದಲಿಗೆ ಯಾವ ಕೆಲಸ ಹೊರಗೆ ಹೋಯಿತೆಂಬುದನ್ನೂ ಬರೆಯಿರಿ. ಇದಕ್ಕೆ ವಿರುದ್ಧವಾಗಿ, 845 ರೂಪಾಯಿಯ ಎರಡು ಸೀಟಿಗೆ 169 ಕಡಿತವಾಗಿದ್ದರೆ ಅದು ಖಂಡಿತ ಬಗ್, ಯಾರೂ ವಾದ ಮಾಡುವಂತಿಲ್ಲ. ಡೆಫಿನಿಷನ್ ಆಫ್ ಡನ್ ಬದಲಿಸುವುದನ್ನು ರೆಟ್ರೊಸ್ಪೆಕ್ಟಿವ್‌ನಲ್ಲಿ ಇಟ್ಟುಕೊಳ್ಳಿ, ಮುಂದಿನ ಸ್ಪ್ರಿಂಟ್‌ನಿಂದ ಜಾರಿಗೆ ಬರಲಿ. ಮುಗಿದ ಸ್ಟೋರಿಗಳನ್ನು ಹೊಸ ಪಟ್ಟಿ ಹಿಡಿದು ಮತ್ತೆ ತೆರೆಯಬೇಡಿ.

ಮತ್ತೆ, ಅರ್ಧ ಆದದ್ದಕ್ಕೆ ಅರ್ಧ ಸ್ಟೋರಿ ಪಾಯಿಂಟ್ ಕೊಡುವ ಅಭ್ಯಾಸವಿದ್ದರೆ ಇಂದೇ ಬಿಡಿ. 5 ಪಾಯಿಂಟಿನ ಸ್ಟೋರಿ ಯಾವುದಾದರೂ ಒಂದು ಪಟ್ಟಿಯಲ್ಲಿ ಫೇಲ್ ಆದರೂ ಆ ಸ್ಪ್ರಿಂಟಿಗೆ ಸೊನ್ನೆ, ಮುಗಿದ ಸ್ಪ್ರಿಂಟಿಗೆ ಪೂರ್ತಿ 5. 3 ಪಾಯಿಂಟ್ ಕೊಡೋಣ ಎಂದು ಶುರುವಾದರೆ ಆ ಮೂರರ ಮೇಲೇ ಇನ್ನೊಂದು ಚೌಕಾಸಿ ಹುಟ್ಟಿಕೊಳ್ಳುತ್ತದೆ, ಅದನ್ನು ತೀರ್ಮಾನಿಸುವ ಪಟ್ಟಿ ಯಾರ ಬಳಿಯೂ ಇರುವುದಿಲ್ಲ.